ಐನೂರು ಹಾಕಿಸೋದಾ, ಸಾವಿರಾನಾ? ಒಂದು ಕನ್ನಡ ಪುಸ್ತಕದ ಖರ್ಚುವೆಚ್ಚ

(ಹೊಸ ಲೇಖಕರು ಮತ್ತು ಸಣ್ಣ ಪ್ರಕಾಶಕರು ಸೇರಿದ್ದ ಒಂದು ಕಾರ್ಯಾಗಾರದಲ್ಲಿ ಮಾತಾಡಿದ್ದು. ಮಾತಾಡಿದ ಹಾಗೇ ಬರ್ದಿದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ಪುಸ್ತಕದ ಬಜೆಟ್. ಹತ್ತು ಥರದ ಪುಸ್ತಕಗಳ ಬಗ್ಗೆ ಮಾತಾಡಿದ್ರೆ ಯಾವುದೂ ತಲೇಲಿ ನಿಲ್ಲಲ್ಲ, ಅದಕ್ಕೆ ಒಂದೇ ಒಂದು ಪುಸ್ತಕ ಇಟ್ಕೊಂಡು ಕೊನೇವರೆಗೂ ಅದರ ಲೆಕ್ಕಾನೇ ಮಾಡೋಣ. ಒಂದು ಕಥಾ ಸಂಕಲನ, ಡೆಮಿ 1/8 ಸೈಜು, ಅಂದ್ರೆ ಸಾಮಾನ್ಯವಾಗಿ ಕತೆ ಕಾದಂಬರಿ ಬರೋ ಅಳತೆ, ಮುನ್ನುಡಿ ಗಿನ್ನುಡಿ ಎಲ್ಲ ಸೇರಿ 160 ಪುಟ, ಸುಮಾರು 35,000 ಪದ. ನಾನು ಹೇಳೋ ರೇಟುಗಳು ಲೆಕ್ಕಕ್ಕೆ ಅಂತ ಇಟ್ಕೊಂಡಿರೋವು, ಚಾಮರಾಜಪೇಟೆಯ ಪ್ರೆಸ್ಸಲ್ಲಿ ಒಂದು ಇರತ್ತೆ, ಗದಗಿನಲ್ಲಿ ಇನ್ನೊಂದು ಇರತ್ತೆ, ಹಾಗಾಗಿ ರೇಟನ್ನ ಬರ್ಕೊಬೇಡಿ, ಲೆಕ್ಕ ಮಾಡೋ ರೀತಿ ಬರ್ಕೊಳಿ.

ಮೊದಲು ಪುಟ ಯಾಕೆ 160 ಅಂತ ಹೇಳ್ಬಿಡ್ತೀನಿ. ಪ್ರೆಸ್ಸಿನೋರು ಪುಟದಲ್ಲಿ ಮಾತಾಡಲ್ಲ, ಫಾರಂನಲ್ಲಿ ಮಾತಾಡ್ತಾರೆ. ಡೆಮಿ 1/8ರಲ್ಲಿ ಒಂದು ಫಾರಂ ಅಂದ್ರೆ 16 ಪುಟ. ನಮ್ಮದು ಹತ್ತು ಫಾರಂ, ಕ್ಲೀನಾಗಿ. ಅದೇ ನೀವು ಕೊನೇಲಿ ಇನ್ನೊಂದು ಕೃತಜ್ಞತೆ ಸೇರಿಸಿ 164 ಮಾಡಿದ್ರೆ ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಮಡಿಕೆ, ಬೈಂಡಿಂಗಲ್ಲಿ ಬೇರೆ ತಲೆನೋವು. ಡಿಟಿಪಿ ಮಾಡೋರ ಜೊತೆ ಕೂತು ಪುಟ ಎಳೆದೋ ಕುಗ್ಗಿಸಿಯೋ 160ಕ್ಕೆ ತರೋದು ಮೊದಲ ಉಳಿತಾಯ. ಆದ್ರೆ ಕುಗ್ಗಿಸೋಕೂ ಮಿತಿ ಇದೆ, ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯತ್ತಲ್ಲ, ಸಾಲಿನ ನಡುವಿನ ಜಾಗ ಜಾಸ್ತಿ ಕಡಿಮೆ ಮಾಡಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಹೋಗಿ ತಾಗತ್ತೆ. ಹನ್ನೊಂದೂವರೆ ಪಾಯಿಂಟ್ ಅಕ್ಷರಕ್ಕೆ ಹದಿನಾರು ಪಾಯಿಂಟ್ ಸಾಲು ಇಟ್ರೆ ಕಣ್ಣಿಗೆ ಹಿತ, ಅದಕ್ಕಿಂತ ಬಿಗಿ ಮಾಡೋ ಬದಲು ಒಂದು ಕತೆ ತೆಗೀರಿ ಅಂತ ನಾನು ಹೇಳ್ತೀನಿ, ಲೇಖಕರಿಗೆ ಕೋಪ ಬರತ್ತೆ, ಬರ್ಲಿ.

ಈಗ ಖರ್ಚು. ಇದರಲ್ಲಿ ಎರಡು ಜಾತಿ. ನೂರು ಪ್ರತಿ ಹಾಕಿಸಿದ್ರೂ ಸಾವಿರ ಹಾಕಿಸಿದ್ರೂ ಬದಲಾಗದೇ ಇರೋದು ಒಂದು, ಪ್ರತಿ ಪ್ರತಿಗೂ ಬೀಳೋದು ಇನ್ನೊಂದು. 

ಬದಲಾಗದೇ ಇರೋದ್ರಲ್ಲಿ ಮೊದಲನೇದು ಎಡಿಟಿಂಗ್. ಪುಟಕ್ಕೆ 50 ರೂಪಾಯಿ ಹಾಗೆ 8,000. ಕಾಗುಣಿತ ತಿದ್ದೋದನ್ನ ನಾನು ಎಡಿಟಿಂಗ್ ಅನ್ನಲ್ಲ, ಅದು ಕರಡು ತಿದ್ದೋದು, ಅದು ಬೇರೆ ಬರತ್ತೆ. ಎಡಿಟರ್ ಅಂದ್ರೆ ಮೂರನೇ ಕತೇಲಿ ಅತ್ತೆ ಆಗಿದ್ದೋಳು ಅದೇ ಕತೆಯ ಆರನೇ ಪುಟದಲ್ಲಿ ಚಿಕ್ಕಮ್ಮ ಆಗಿದಾಳೆ ಅಂತ ಹಿಡಿಯೋರು. ಆಮೇಲೆ ಡಿಟಿಪಿ ಮತ್ತು ಒಳಪುಟ ವಿನ್ಯಾಸ, ಪುಟಕ್ಕೆ 30ರಂತೆ 4,800. ಕರಡು ಎರಡು ಸುತ್ತು ಸೇರಿ ಪುಟಕ್ಕೆ 20, ಅಂದ್ರೆ 3,200. ಮುಖಪುಟ ವಿನ್ಯಾಸ 6,000.

ಇಲ್ಲಿ ಡಿಟಿಪಿ ಬಗ್ಗೆ ಒಂದು ಮಾತು. ನಿಮ್ಮ ಫೈಲು ಹಳೇ ನುಡಿ ಅಥವಾ ಬರಹ ಫಾಂಟಲ್ಲಿ ಇದ್ದು ಅದನ್ನ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ್ರೆ, ಅಥವಾ ಯೂನಿಕೋಡಲ್ಲಿ ಟೈಪ್ ಮಾಡಿದ್ದನ್ನ ಡಿಟಿಪಿಯೋರು ಹಳೇ ಪೇಜ್‌ಮೇಕರ್‌ಗೆ ಅಂತ ವಾಪಸ್ ಹಳೇ ಫಾಂಟಿಗೆ ತಿರುಗಿಸಿದ್ರೆ, ಅರ್ಕಾವತ್ತು ಇರೋ ಪದಗಳು, ಎರಡು ಒತ್ತು ಬರೋ ಪದಗಳು, ಮಧ್ಯೆ ಬಂದಿರೋ ಇಂಗ್ಲಿಷ್ ಪದಗಳು, ಕೊಟೇಶನ್ ಗುರುತುಗಳು ಇವೆಲ್ಲ ಕೆಡತ್ತೆ. ಆಗ ಕರಡು ಎರಡು ಸುತ್ತಿಗೆ ಮುಗಿಯಲ್ಲ. ಹೇಗೆ ಗೊತ್ತಾಗತ್ತೆ ಅಂದ್ರೆ, ಪೂರ್ತಿ ಪುಸ್ತಕ ಕೂರಿಸೋಕೆ ಮುಂಚೆ ಎಂಟು ಪುಟ ಮಾತ್ರ ಕೂರಿಸಿ ಪ್ರಿಂಟ್ ತೆಗೆಸಿ, ಸ್ವಾತಂತ್ರ್ಯ, ರಾಷ್ಟ್ರ, ಕರ್ತೃ, ಸಾಮರ್ಥ್ಯ ಈ ಥರದ ಪದಗಳನ್ನ ಹುಡುಕಿ ನೋಡಿ. ಅಲ್ಲಿ ಸರಿ ಇದ್ರೆ ಮುಂದೆ ಹೋಗಿ. ಮತ್ತೆ ಮುಖಪುಟ ಮಾಡೋರಿಗೆ ಪುಟಸಂಖ್ಯೆ ಫೈನಲ್ ಆದ ಮೇಲೇ ಅಳತೆ ಕೊಡಿ, ಯಾಕಂದ್ರೆ ಪುಸ್ತಕದ ಬೆನ್ನಿನ ಅಗಲ ಪುಟದ ಮೇಲೆ ನಿಂತಿರೋದು, ನಮ್ಮ 160 ಪುಟಕ್ಕೆ ಹೆಚ್ಚುಕಮ್ಮಿ 8 ಮಿಲಿಮೀಟರ್.

ಇನ್ನು ಪ್ರೆಸ್ಸಿಂದು. ಆಫ್‌ಸೆಟ್ ಮಿಷಿನ್ನಲ್ಲಿ ಪ್ಲೇಟು, ಮತ್ತೆ ಮೊದಲ ಸಾವಿರದವರೆಗಿನ ಇಂಪ್ರೆಶನ್ ಸೇರಿಸಿ ಒಂದು ಮಿನಿಮಮ್ ಚಾರ್ಜ್ ಇರತ್ತೆ. ನೀವು 500 ಹಾಕ್ಸಿ, 800 ಹಾಕ್ಸಿ, ಮಿಷಿನ್ ಕೂಲಿ ಅಷ್ಟೇ. ಫಾರಂಗೆ 1,200 ಅಂತ ಇಟ್ಕೊಂಡ್ರೆ ಹತ್ತು ಫಾರಂಗೆ 12,000. ಮುಖಪುಟ ನಾಲ್ಕು ಬಣ್ಣ, ಅದರ ಪ್ಲೇಟು ಪ್ರಿಂಟು 4,000. ಪುಸ್ತಕದ ಗುರುತಿನ ನಂಬರು ಐಎಸ್‌ಬಿಎನ್, ಅದಕ್ಕೆ ದುಡ್ಡಿಲ್ಲ, ರಾಜಾರಾಮ್ ಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯೋರು ಫ್ರೀಯಾಗೇ ಕೊಡ್ತಾರೆ, ಅದಕ್ಕೂ ಯಾರಾದ್ರೂ ನಿಮ್ಮ ಹತ್ರ ಬಿಲ್ ಮಾಡಿದ್ರೆ ಅದು ಅವರು ಫಾರ್ಮ್ ತುಂಬಿದ ಕೂಲಿ ಅಂತ ತಿಳ್ಕೊಳಿ. ಎಲ್ಲ ಕೂಡಿಸಿದ್ರೆ 38,000. ಇದು ಒಂದೇ ಒಂದು ಪ್ರತಿ ಕೈಗೆ ಬರೋಕೆ ಮುಂಚೆನೇ ಹೋಗೋ ದುಡ್ಡು.

ಈಗ ಪ್ರತಿಗೆ ಬೀಳೋದು. 23 ಇಂಚು 36 ಇಂಚಿನ ಒಂದು ಶೀಟಲ್ಲಿ ಡೆಮಿ 1/8ರ 32 ಪುಟ ಬರತ್ತೆ, ಹಾಗಾಗಿ ಒಂದು ಪುಸ್ತಕಕ್ಕೆ ಐದು ಶೀಟು, 500 ಶೀಟಿನ ಒಂದು ರೀಮಿಗೆ ನೂರು ಪುಸ್ತಕ. 70 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 70 ಗ್ರಾಂ ತೂಗೋ ಮ್ಯಾಪ್‌ಲಿಥೋ ಕಾಗದ ಈ ಸೈಜಲ್ಲಿ ರೀಮಿಗೆ ಹತ್ತಿರ ಹತ್ತಿರ 18.7 ಕೆಜಿ ತೂಗತ್ತೆ, ಕೆಜಿಗೆ ತೆರಿಗೆ ಸೇರಿ 90 ಅಂದ್ರೆ ರೀಮಿಗೆ 1,700 ಆಸುಪಾಸು, ಅಂದ್ರೆ ಪುಸ್ತಕಕ್ಕೆ 17, ವೇಸ್ಟೇಜ್ ಸೇರಿ 18. ತೂಕದಲ್ಲಿ ಲೆಕ್ಕ ಹಾಕೋದನ್ನ ಕಲ್ತ್ಕೊಳಿ, 70 ಅಂತ ಹೇಳಿ 60 ಜಿಎಸ್‌ಎಂ ಹಾಕಿದ್ರೆ ಕಣ್ಣಿಗೆ ಗೊತ್ತಾಗಲ್ಲ, ತಕ್ಕಡಿಗೆ ಗೊತ್ತಾಗತ್ತೆ, ನಮ್ಮ ಪುಸ್ತಕ ಮುಖಪುಟ ಸೇರಿ 190 ಗ್ರಾಂ ಹತ್ತಿರ ಇರ್ಬೇಕು. ಮುಖಪುಟದ ಕಾರ್ಡು ಲ್ಯಾಮಿನೇಶನ್ 5, ಬೆನ್ನಿಗೆ ಅಂಟು ಹಾಕೋ ಪರ್ಫೆಕ್ಟ್ ಬೈಂಡಿಂಗ್ 8, ಸಾಗಾಟ 1. ಒಟ್ಟು 32 ರೂಪಾಯಿ.

ತೆರಿಗೆ ಅಂದೆನಲ್ಲ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಒಳ್ಳೇದೇ, ಆದ್ರೆ ಅದೇ ಕಾರಣಕ್ಕೆ ಕಾಗದಕ್ಕೆ ಪ್ರೆಸ್ಸಿಗೆ ಕೊಟ್ಟ ಜಿಎಸ್‌ಟಿ ನಮಗೆ ವಾಪಸ್ ಬರಲ್ಲ. ಕೊಟೇಶನ್ ತಗೊಳೋವಾಗ ತೆರಿಗೆ ಸೇರಿಸಿ ಎಷ್ಟು ಅಂತಾನೇ ಕೇಳಿ.

ಹಾಗಾದ್ರೆ 500 ಪ್ರತಿಗೆ 38,000 ಮತ್ತು 16,000 ಸೇರಿ 54,000, ಪ್ರತಿಗೆ 108. ಸಾವಿರ ಹಾಕಿಸಿದ್ರೆ 70,000, ಪ್ರತಿಗೆ 70. ಇಲ್ಲೇ ನೋಡಿ ಎಲ್ಲರೂ ಜಾರೋದು. ಪ್ರೆಸ್ಸಿನೋರು ಕ್ಯಾಲ್ಕುಲೇಟರ್ ತೋರಿಸ್ತಾರೆ, "ಸರ್, ಇನ್ನ ಬರೀ 16,000 ಹಾಕಿ, ಡಬಲ್ ಬುಕ್ಸ್ ಬರತ್ತೆ" ಅಂತಾರೆ. ಅವರು ಹೇಳ್ತಿರೋದು ಸುಳ್ಳಲ್ಲ. ಮನೆಗೆ ಬಂದು ನೀವು ತಗುಲಿದ್ದರ ಎರಡು ಪಟ್ಟು ಬೆಲೆ ಇಟ್ರಾಯ್ತು ಅಂತ 70ಕ್ಕೆ 140 ಮುಖಬೆಲೆ ಅಚ್ಚು ಹಾಕಿಸಿಬಿಡ್ತೀರ. ಆ 140ರ ಕತೆ ಏನಾಗತ್ತೆ ಅಂತ ಆಮೇಲೆ ಹೇಳ್ತೀನಿ, ಮೊದಲು ಒಂದು ಪ್ರತಿ ಮಾರಾಟ ಆದ್ರೆ ಕೈಗೆ ಎಷ್ಟು ಬರತ್ತೆ ನೋಡೋಣ, ಯಾಕಂದ್ರೆ ಹಾಕಿದ ದುಡ್ಡು ವಾಪಸ್ ಬರೋಕೆ ಎಷ್ಟು ಪ್ರತಿ ಮಾರ್ಬೇಕು ಅನ್ನೋ ಬ್ರೇಕ್ ಈವನ್ ಲೆಕ್ಕ ನಿಂತಿರೋದು ಅದರ ಮೇಲೆ.

ಮುಖಬೆಲೆ 200 ಅಂತ ಇಟ್ಕೊಳಿ. ರಾಯಲ್ಟಿ ಮುಖಬೆಲೆಯ 10 ಪರ್ಸೆಂಟ್, 20 ರೂಪಾಯಿ, ಎಲ್ಲಿ ಮಾರಿದ್ರೂ ಲೇಖಕರಿಗೆ. ಅಂಗಡಿಗೋ ವಿತರಕರಿಗೋ 40 ಪರ್ಸೆಂಟ್ ಕಮಿಷನ್ ಕೊಟ್ರೆ ನಮಗೆ 120, ಕಳಿಸೋ ಖರ್ಚು 5, ರಾಯಲ್ಟಿ 20, ಉಳಿಯೋದು 95. ನೇರವಾಗಿ ಓದುಗರಿಗೆ 10 ಪರ್ಸೆಂಟ್ ರಿಯಾಯಿತಿಯಲ್ಲಿ ಪೋಸ್ಟ್ ಫ್ರೀ ಅಂತ ಮಾರಿದ್ರೆ 180, ಅದರಲ್ಲಿ ಪ್ಯಾಕಿಂಗ್ ಪೋಸ್ಟ್ ಆನ್‌ಲೈನ್ ಪೇಮೆಂಟಿನ ಕಮಿಷನ್ ಎಲ್ಲ ಸೇರಿ 40 ಹೋಗತ್ತೆ, ರಾಯಲ್ಟಿ ಕಳೆದು 120. ಬಿಡುಗಡೆ ದಿನ ಟೇಬಲ್ ಮೇಲೆ 20 ಪರ್ಸೆಂಟ್ ಬಿಟ್ಟು 160ಕ್ಕೆ ಮಾರಿದ್ರೆ ಉಳಿಯೋದು 140. ನೂರು ಪ್ರತಿಯಲ್ಲಿ 50 ಅಂಗಡಿ, 30 ನೇರ, 20 ಬಿಡುಗಡೆ ಅಂತ ಹಂಚಿದ್ರೆ ಸರಾಸರಿ ಒಂದು ಪ್ರತಿಗೆ ಕೈಗೆ ಬರೋದು 111 ರೂಪಾಯಿ 50 ಪೈಸೆ.

500ರಲ್ಲಿ ಮಾರೋಕೆ ಎಷ್ಟು ಸಿಗತ್ತೆ? ಪೂರ್ತಿ 500 ಅಲ್ಲ. ಲೇಖಕರಿಗೆ ಗೌರವ ಪ್ರತಿ, ವಿಮರ್ಶೆಗೆ ಪತ್ರಿಕೆಗಳಿಗೆ, ಮುನ್ನುಡಿ ಬೆನ್ನುಡಿ ಬರೆದೋರಿಗೆ, ಸ್ಪರ್ಧೆಗಳಿಗೆ, ಆಮೇಲೆ 1954ರ ಪುಸ್ತಕ ಒಪ್ಪಿಸೋ ಕಾಯ್ದೆ ಪ್ರಕಾರ ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿಗೂ ಚೆನ್ನೈ, ಮುಂಬೈ, ದೆಹಲಿಯ ಲೈಬ್ರರಿಗಳಿಗೂ ನಮ್ಮ ಖರ್ಚಲ್ಲೇ ಒಂದೊಂದು ಪ್ರತಿ. ಎಲ್ಲ ಸೇರಿ 50 ಬಿಡಿ. ಮಾರಾಟಕ್ಕೆ 450.

ಈಗ ಭಾಗಿಸಿ. 54,000ಕ್ಕೆ 111.50. 485 ಪ್ರತಿ ಬರತ್ತೆ. ನಮ್ಮ ಹತ್ರ ಇರೋದೇ 450! ಅಂದ್ರೆ ಒಂದೂ ಉಳೀದಂಗೆ ಮಾರಿದ್ರೂ 3,800 ರೂಪಾಯಿ ಹತ್ತಿರ ಲಾಸು. "ಪುಸ್ತಕ ಖಾಲಿ ಆಯ್ತು, ಆದ್ರೂ ದುಡ್ಡು ಬರ್ಲಿಲ್ಲ" ಅಂತ ಎಷ್ಟೋ ಜನ ಹೇಳ್ತಾರಲ್ಲ, ಯಾರೋ ಮೋಸ ಮಾಡಿದ್ರು ಅಂದ್ಕೊತಾರೆ, ಮೋಸ ಎಲ್ಲೂ ಇಲ್ಲ, ಮುಖಬೆಲೆ ಹಾಕಿದ ದಿನಾನೇ ಲಾಸ್ ನಿಕ್ಕಿ ಆಗಿತ್ತು. ಇನ್ನು ಆ 140 ಬೆಲೆಯ ಸಾವಿರ ಪ್ರತಿ. ಇದೇ ಥರ ಲೆಕ್ಕ ಮಾಡಿದ್ರೆ ಸರಾಸರಿ ಕೈಗೆ ಬರೋದು 73.70, ಖರ್ಚು 70,000, ಬೇಕಾಗೋ ಮಾರಾಟ 950. ಗೌರವ ಪ್ರತಿ 50 ಕಳೆದ್ರೆ ಇರೋದೂ ಸರಿಯಾಗಿ 950. ಕೊನೇ ಪ್ರತಿ ಮಾರಾಟ ಆದ ದಿನ ನಿಮ್ಮ ಅಸಲು ವಾಪಸ್, ಅಲ್ಲೀವರೆಗೂ ಮಂಚದ ಕೆಳಗೆ ಬಂಡಲ್ಲು.

ಹಾಗಾದ್ರೆ ಏನು ಮಾಡ್ಬೇಕು, ಬೆಲೆ 240 ಮಾಡೋಣ. ಅಂಗಡೀಲಿ ಮಾರಿದ್ರೆ 115 ಉಳಿಯತ್ತೆ, ನೇರವಾಗಿ 152, ಬಿಡುಗಡೇಲಿ 168. ಅದೇ ಹಂಚಿಕೆಯಲ್ಲಿ ಸರಾಸರಿ ಹತ್ತಿರ ಹತ್ತಿರ 137. ಈಗ 500 ಪ್ರತಿಗೆ ಬ್ರೇಕ್ ಈವನ್ 395, ಸಾವಿರಕ್ಕೆ 511. ಬೆಲೆ 40 ರೂಪಾಯಿ ಏರಿಸಿದ್ದಕ್ಕೆ 90 ಪ್ರತಿ ಕೆಳಗಿಳೀತು ನೋಡಿ. 160 ಪುಟಕ್ಕೆ 240 ಜಾಸ್ತಿ ಆಯ್ತು ಅಂತ ಓದುಗರು ಅಂತಾರೆ, ಅನ್ನೋರು ಇದಾರೆ. ಆದ್ರೆ 200ಕ್ಕೆ ತಗೊಳ್ಳೋನು 240 ಅಂದ ತಕ್ಷಣ ಬಿಡ್ತಾನಾ ಅನ್ನೋದು ನನಗೆ ಅಷ್ಟು ನಂಬಿಕೆ ಇಲ್ಲ, ಬಿಡೋನು 200ಕ್ಕೂ ಬಿಟ್ಟಿರ್ತಾನೆ.

ಈ 137 ಅನ್ನೋ ನಂಬರ್ ಇದೆಯಲ್ಲ, ಇದನ್ನ ನೆನಪಿಟ್ಕೊಳಿ, ಇಲ್ಲಿಂದ ಮುಂದೆ ಯಾವ ಖರ್ಚು ಬಂದ್ರೂ ರೂಪಾಯಲ್ಲಿ ಯೋಚನೆ ಮಾಡ್ಬೇಡಿ, ಎಷ್ಟು ಪ್ರತಿ ಅಂತ ಯೋಚನೆ ಮಾಡಿ. ಎಡಿಟಿಂಗ್ 8,000 ಅಂದ್ರೆ 58 ಪ್ರತಿ. ಎಡಿಟರ್ ಬೇಡ ಅನ್ನೋರು 58 ಪ್ರತಿ ಉಳಿಸ್ತಿದಾರೆ, ಒಳ್ಳೇ ಎಡಿಟಿಂಗ್ ಆಗಿರೋ ಪುಸ್ತಕ ಬಾಯಿಂದ ಬಾಯಿಗೆ 58 ಪ್ರತಿ ಜಾಸ್ತಿ ಹೋಗಲ್ವಾ ಅಂತ ಕೇಳ್ಕೊಳಿ. ಪರ್ಫೆಕ್ಟ್ ಬೈಂಡಿಂಗ್ ಬದಲು ಸೆಕ್ಷನ್ ಹೊಲಿಗೆ ಹಾಕಿಸಿದ್ರೆ ಪ್ರತಿಗೆ 6 ರೂಪಾಯಿ ಜಾಸ್ತಿ ಅಂದ್ರೆ 500ಕ್ಕೆ 3,000, ಅದು 22 ಪ್ರತಿ. ಪ್ಲೇಟ್ ಆದ ಮೇಲೆ ಲೇಖಕರು ಫೋನ್ ಮಾಡಿ ಅರ್ಪಣೆಯಲ್ಲಿ ಒಂದು ಹೆಸರು ಬಿಟ್ಟೋಗಿದೆ ಅಂದ್ರೆ ಒಂದು ಪ್ಲೇಟು ಹೋಯ್ತು, ಅದು ಮೂರು ನಾಲ್ಕು ಪ್ರತಿ.

ಬಿಡುಗಡೆ ಕಾರ್ಯಕ್ರಮ, ಇದನ್ನ ನಾನು ಬೇಕಂತಲೇ ಲೆಕ್ಕಕ್ಕೆ ಸೇರಿಸಿರ್ಲಿಲ್ಲ. ಹಾಲ್ ಬಾಡಿಗೆ, ಮೈಕು, ಬ್ಯಾನರ್, ಉಪ್ಪಿಟ್ಟು ಕೇಸರಿಬಾತ್ ಕಾಫಿ, ಅತಿಥಿಗಳಿಗೆ ಹಾರ ಶಾಲು, ಕಡಿಮೆ ಅಂದ್ರೂ 8,000. ಅಂದ್ರೆ ಬ್ರೇಕ್ ಈವನ್ 395ರಿಂದ 453ಕ್ಕೆ ಹೋಯ್ತು. ಮಾರೋಕೆ ಇರೋದು 450. ಉಪ್ಪಿಟ್ಟು ಕೇಸರಿಬಾತಲ್ಲಿ ಪುಸ್ತಕದ ಲಾಭ ಪೂರ್ತಿ ಖರ್ಚು! ಹಂಗಂತ ಬಿಡುಗಡೆ ಬೇಡ ಅಂತಲ್ಲ, ಅಲ್ಲಿ ಮಾರಿದ ಒಂದೊಂದು ಪ್ರತಿಗೆ 168 ಉಳಿಯತ್ತೆ, ಹಾಗಾಗಿ ಬೇರೆ ಕಡೆ ಮಾರಾಟ ಆಗದೇ ಇದ್ದಂಥ 48 ಪ್ರತಿ ಅವತ್ತು ಹೋದ್ರೆ ಖರ್ಚು ಹುಟ್ಟತ್ತೆ. ಬಂದೋರಲ್ಲಿ ಅರ್ಧ ಜನ ಹೇಗೂ ಕೊಳ್ತಿದ್ದೋರೇ, ಇನ್ನರ್ಧ ಜನ ಗೌರವ ಪ್ರತಿ ಸಿಗತ್ತೆ ಅಂತ ಬಂದೋರು ಆದ್ರೆ ಹುಟ್ಟಲ್ಲ.

(ಇಲ್ಲಿ ಒಬ್ಬರು ಎದ್ದು ನಿಂತು, "ಮೇಡಂ, ಹಾಗಾದ್ರೆ 500ಏ ಹಾಕಿಸಿ ಅಂತ ಹೇಳ್ತಿದೀರಾ?" ಅಂದ್ರು.)

ಅದಕ್ಕೇ ಬರ್ತಿದೀನಿ. ಎರಡನೇ 500ಕ್ಕೆ ಈಗ್ಲೇ ಹಾಕಿಸಿದ್ರೆ 16,000. ಆಮೇಲೆ ಬೇಕಾದಾಗ ಮರುಮುದ್ರಣ ಮಾಡ್ತೀನಿ ಅಂದ್ರೆ ಮತ್ತೆ ಪ್ಲೇಟು ಮಿಷಿನ್ 12,000, ಮುಖಪುಟ 4,000, ಜೊತೆಗೆ ಅದೇ 16,000, ಒಟ್ಟು 32,000. ಸರಿಯಾಗಿ ಎರಡರಷ್ಟು. ಈಗ ಹಾಕಿಸಿದ್ರೆ ಮಾರಾಟ ಆಗ್ಲಿ ಬಿಡ್ಲಿ 16,000 ಹೋಗತ್ತೆ, ಕಾದ್ರೆ ಬೇಡಿಕೆ ಬಂದ್ರೆ ಮಾತ್ರ 32,000 ಹೋಗತ್ತೆ. ಅಂದ್ರೆ 450ನ್ನೂ ದಾಟಿ ಮಾರಾಟ ಆಗೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದೆ ಅಂತ ಎದೆ ಮುಟ್ಕೊಂಡು ಹೇಳೋಕಾದ್ರೆ ಸಾವಿರ ಹಾಕ್ಸಿ, ಇಲ್ಲಾಂದ್ರೆ ಕಾಯಿರಿ. ಮೊದಲ ಕಥಾ ಸಂಕಲನಕ್ಕೆ ನಾನು ಕಾಯ್ತೀನಿ. ಯಾವುದಾದ್ರೂ ಕಾಲೇಜಲ್ಲಿ ಪಠ್ಯ ಆಗಿದೆ ಅಂತ ಕೈಯಲ್ಲಿ ಆರ್ಡರ್ ಇದ್ರೆ ಕಾಯೋದು ದಡ್ಡತನ.

ಮೂರನೇ ದಾರೀನೂ ಒಂದಿದೆ. ಮೊದಲ 500 ಆಫ್‌ಸೆಟ್ಟಲ್ಲಿ ಹಾಕಿಸಿ, ಮುಗಿದ ಮೇಲೆ ನೂರು ನೂರು ಪ್ರತಿ ಡಿಜಿಟಲ್ ಪ್ರಿಂಟ್ ಹಾಕಿಸೋದು. ಅಲ್ಲಿ ಪ್ಲೇಟ್ ಇಲ್ಲ, ಪುಟಕ್ಕೆ 45 ಪೈಸೆ ಅಂದ್ರೆ 72, ಮುಖಪುಟ ಬೈಂಡಿಂಗ್ 20, ಒಟ್ಟು 92. ಅಂಗಡಿಗೆ ಕೊಟ್ರೆ 115ರಲ್ಲಿ 23 ಮಾತ್ರ ಉಳಿಯತ್ತೆ, ನೇರ ಮಾರಿದ್ರೆ 60 ಉಳಿಯತ್ತೆ. ಹಾಗಾಗಿ ಡಿಜಿಟಲ್ ಪ್ರತಿಗಳನ್ನ ವಿತರಕರಿಗೆ ಬಂಡಲ್‌ಗಟ್ಲೆ ಕೊಡೋಕೆ ಹೋಗ್ಬೇಡಿ, ಕೇಳಿದೋರಿಗೆ ನೀವೇ ಪೋಸ್ಟ್ ಮಾಡಿ. ಗುಣಮಟ್ಟ ನೋಡ್ಕೊಳಿ, ಬೆನ್ನಿನ ಅಂಟು ಸರಿ ಇಲ್ಲದಿದ್ರೆ ಪೂರ್ತಿ ಬಿಡಿಸಿ ಹಿಡಿದ ತಕ್ಷಣ ಮಧ್ಯದ ಹಾಳೆ ಕೈಗೆ ಬರತ್ತೆ. ಮೊದಲು ಒಂದು ಸ್ಯಾಂಪಲ್ ತರಿಸಿ ಅದನ್ನ ಚೆನ್ನಾಗಿ ಹಿಂಸೆ ಕೊಟ್ಟು ನೋಡಿ.

ವಿತರಣೆ ಬಗ್ಗೆ ಇನ್ನೊಂದು ವಿಷಯ ಬಾಕಿ ಇದೆ. ಅಂಗಡಿಗೆ 100 ಪ್ರತಿ ಕಳ್ಸಿದೀನಿ ಅಂದ್ರೆ 100 ಮಾರಾಟ ಆಗಿದೆ ಅಂತಲ್ಲ. ಬಹುಪಾಲು ಕಡೆ ಮಾರಾಟ ಆದ್ರೆ ದುಡ್ಡು, ಇಲ್ಲಾಂದ್ರೆ ಪುಸ್ತಕ ವಾಪಸ್ ಅನ್ನೋ ಕರಾರು. ವಾಪಸ್ ಬರೋವಾಗ ಮೂಲೆ ಮಡಚಿರತ್ತೆ, ಲ್ಯಾಮಿನೇಶನ್ ಮೇಲೆ ಗೀರು ಬಿದ್ದಿರತ್ತೆ, ಅದು ಇನ್ನು ಹೊಸ ಪುಸ್ತಕ ಅಲ್ಲ, ಅರ್ಧ ಬೆಲೆ ಮೇಳಕ್ಕೇ. ಅದಕ್ಕೆ ಬ್ರೇಕ್ ಈವನ್ ಲೆಕ್ಕದಲ್ಲಿ ಅಂಗಡಿಗೆ ಹೋದ ಪ್ರತಿ ಎಣಿಸ್ಬೇಡಿ, ದುಡ್ಡು ಬಂದ ಪ್ರತಿ ಮಾತ್ರ ಎಣಿಸಿ. ಚಲನ್ ನಂಬರು, ಕಳ್ಸಿದ ತಾರೀಕು, ಬಂದ ದುಡ್ಡು, ವಾಪಸ್ಸು, ಇಷ್ಟು ಕಾಲಂ ಇರೋ ಒಂದು ನೋಟ್‌ಬುಕ್ ಸಾಕು, ಆದ್ರೆ ಅದು ಇರ್ಲೇಬೇಕು, ರಾಯಲ್ಟಿ ಕೊಡೋಕೂ ಅದೇ ಆಧಾರ.

ಗ್ರಂಥಾಲಯದ ಸಗಟು ಖರೀದಿ ಬಗ್ಗೆ ಕೇಳ್ತೀರಾ ಅಂತ ಗೊತ್ತು. ಆಯ್ಕೆ ಆದ್ರೆ ಒಂದೇ ಏಟಿಗೆ ದೊಡ್ಡ ಸಂಖ್ಯೆಯ ಪ್ರತಿ ಹೋಗತ್ತೆ, ನಿಜ. ಆದ್ರೆ ಅಲ್ಲಿ ನಿಮ್ಮ ಮುಖಬೆಲೆ ನಡೆಯಲ್ಲ, ಇಲಾಖೆ ನಿಗದಿ ಮಾಡಿದ ಪುಟದ ದರ ನಡೆಯತ್ತೆ, ಆಯ್ಕೆ ಆಗೋದು ಒಂದು ಟೈಮು, ಬಿಲ್ ಪಾಸಾಗೋದು ಇನ್ನೊಂದು ಟೈಮು. ಅರ್ಜಿ ಖಂಡಿತ ಹಾಕಿ. ಬಜೆಟ್ಟಲ್ಲಿ ಮಾತ್ರ ಅದಕ್ಕೆ ಸೊನ್ನೆ ಬರೀರಿ. ಮೊದಲ ಪುಸ್ತಕದ ಯುವ ಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅದಕ್ಕೂ ಇದೇ ಮಾತು, ಬಂದಿದ್ದನ್ನ 137ರಿಂದ ಭಾಗಿಸಿ ಬ್ರೇಕ್ ಈವನ್‌ನಿಂದ ಕಳೀರಿ, ಬರೋಕೆ ಮುಂಚೆ ಕಳೀಬೇಡಿ.

(ಹಿಂದಿನ ಸಾಲಿಂದ ಒಂದು ಹುಡುಗಿ, "ನನ್ನ ಹತ್ರ ಪ್ರಕಾಶಕರು 54,000 ಅಲ್ಲ, 60,000 ಕೇಳಿದಾರೆ, ನೂರು ಪ್ರತಿ ನನಗೆ ಕೊಡ್ತಾರಂತೆ, ಉಳಿದಿದ್ದಕ್ಕೆ 10 ಪರ್ಸೆಂಟ್ ರಾಯಲ್ಟಿ ಅಂತೆ, ಒಪ್ಕೊಬೋದಾ?" ಅಂತ ಕೇಳಿದ್ಲು.)

ಇದನ್ನ ಈಗ ನೀವೇ ಲೆಕ್ಕ ಹಾಕಬಹುದಮ್ಮ. 500 ಪ್ರತಿ, ಬೆಲೆ 240 ಅಂತ ಇಟ್ಕೊಂಡ್ರೆ ಪೂರ್ತಿ ಖರ್ಚು ನಿಂದೇ, ಮೇಲೆ 6,000 ಅವರಿಗೆ. ನಿನಗೆ ಬರೋ ನೂರು ಪ್ರತಿ ಎಲ್ಲ ನೀನೇ 20 ಪರ್ಸೆಂಟ್ ರಿಯಾಯಿತಿಯಲ್ಲಿ ಮಾರಿದ್ರೆ 19,200. ಉಳಿದ 400ರಲ್ಲಿ 50 ಗೌರವಕ್ಕೆ ಹೋಗಿ 350 ಪೂರ್ತಿ ಮಾರಾಟ ಆದ್ರೆ ನಿನ್ನ ರಾಯಲ್ಟಿ 24ರಂತೆ 8,400. ಎಲ್ಲ ಸೇರಿ 27,600. ಒಂದೂ ಉಳೀದಂಗೆ ಹೋದ್ರೂ ನಿನಗೆ 32,400 ಲಾಸು, ಅವರಿಗೆ 350 ಪ್ರತಿಯಲ್ಲಿ ಪ್ರತಿಗೆ 137ರಂತೆ 48,000 ಹತ್ತಿರ, ಅಪಾಯ ಸೊನ್ನೆ. ರಾಯಲ್ಟಿ ಅನ್ನೋದು ಬೇರೆಯೋರು ದುಡ್ಡು ಹಾಕಿದಾಗ ಲೇಖಕರಿಗೆ ಸಿಗೋ ಪಾಲು. ನಿನ್ನ ದುಡ್ಡಲ್ಲಿ ಅಚ್ಚಾದ್ರೆ ಮಾರಾಟದಲ್ಲಿ ಬಂದಿದ್ದೆಲ್ಲ ನಿಂದು, ಅವರಿಗೆ ಮಾರಿಕೊಟ್ಟಿದ್ದಕ್ಕೆ ಬಂದ ದುಡ್ಡಲ್ಲಿ 15 ಪರ್ಸೆಂಟೋ 20 ಪರ್ಸೆಂಟೋ ಕೂಲಿ ಅಂತ ಕೇಳು. ಒಪ್ಪಂದದಲ್ಲಿ ಮೂರು ಸಾಲು ಬರೆಸ್ಕೊ: ಪ್ರೆಸ್ಸಿನ ಬಿಲ್ಲಿನ ಕಾಪಿ ಕೊಡ್ಬೇಕು, ಅಚ್ಚಾದ ಪ್ರತಿ ಎಷ್ಟು ಅಂತ ಆ ಬಿಲ್ಲಲ್ಲೇ ಇರ್ಬೇಕು, ಆರು ತಿಂಗಳಿಗೊಂದ್ಸಲ ಸ್ಟಾಕ್ ಲೆಕ್ಕ ಕೊಡ್ಬೇಕು. ಇದಕ್ಕೆ ಒಪ್ಪಲ್ಲ ಅಂದ್ರೆ 54,000 ಇಟ್ಕೊಂಡು ನೀನೇ ಪ್ರೆಸ್ಸಿಗೆ ಹೋಗು, ಐಎಸ್‌ಬಿಎನ್‌ಗೆ ಲೇಖಕರೇ ಸ್ವಂತ ಹೆಸರಲ್ಲಿ ಅರ್ಜಿ ಹಾಕೋಕೂ ಆಗತ್ತೆ.